ಎರಡಕ್ಷರದ ಕಥೆಯಲ್ಲಿ ಯಾರೂ ಯಾರನ್ನೂ ಅಟ್ಟುವುದಿಲ್ಲ

ಎರಡು ವರ್ಷದ ಮಕ್ಕಳಿಗಾಗಿ ಒಂದು ಅಥವಾ ಎರಡು ಅಕ್ಷರದ ಪದಗಳಲ್ಲೇ ಮಲಗುವ ಹೊತ್ತಿನ ಕಥೆ ಹೆಣೆಯುವವರಿಗೆ ಬೇಕಾದ ಪದಪಟ್ಟಿಯನ್ನು ಈ ವಾರ ಕೊಡುತ್ತೇನೆ ಎಂದಿದ್ದೆ. ಪಟ್ಟಿಯನ್ನು ಪಕ್ಕಕ್ಕಿಡುತ್ತಿದ್ದೇನೆ. ಕನ್ನಡದಲ್ಲಿ ಎರಡಕ್ಷರದ ಪದಗಳಿಗೆ ಬರವಿಲ್ಲ. ಮನೆ, ಮರ, ಹಾಲು, ಬೆಕ್ಕು, ಚಾಪೆ, ದೀಪ ಎಂದು ಯಾರು ಬೇಕಾದರೂ ಪುಟ ತುಂಬಿಸಬಹುದು. ತೊಡಕು ಇರುವುದು ಆ ಪದಗಳನ್ನು ವಾಕ್ಯಕ್ಕೆ ಇಳಿಸುವಾಗ. ಇಲ್ಲಿ ಅಕ್ಷರ ಎಂದರೆ ಕಿವಿಗೆ ಬೀಳುವ ಅಕ್ಷರ, ಬರವಣಿಗೆಯ ಗೆರೆಗಳಲ್ಲ. ‘ಅಮ್ಮ’ದಲ್ಲಿ ಎರಡು, ‘ಹೋಯ್ತು’ ಎಂಬುದರಲ್ಲೂ ಎರಡು, ‘ಬಸ್’ ಎಂಬಲ್ಲಿ ಒಂದು. ಒತ್ತು ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಈ ಕಟ್ಟುಪಾಡಿನ ಕೀರ್ತಿ ಇಂಗ್ಲಿಷಿನಿಂದ ಬಂದದ್ದು. ಡಾ. ಸ್ಯೂಸ್ ಎಂಬ ಹೆಸರಿನಲ್ಲಿ ಬರೆದ ಥಿಯೊಡರ್ ಗೀಸೆಲ್ 1960ರಲ್ಲಿ ಹೊರತಂದ ‘ಗ್ರೀನ್ ಎಗ್ಸ್ ಆ್ಯಂಡ್ ಹ್ಯಾಮ್’ ಪುಸ್ತಕದಲ್ಲಿ ಬಳಸಿದ್ದು ಬರೀ 50 ಪದಗಳು. ಅವುಗಳಲ್ಲಿ 49 ಒಂದೇ ಅಕ್ಷರದವು. ಐವತ್ತು ಪದಗಳಲ್ಲಿ ಪುಸ್ತಕ ಬರೆಯಲಾಗದು ಎಂದು ಪ್ರಕಾಶಕ ಬೆನೆಟ್ ಸರ್ಫ್ ಒಡ್ಡಿದ ಪಣಕ್ಕೆ ಅದು ಉತ್ತರವಾಗಿತ್ತು. ಅದಕ್ಕೆ ಮೂರು ವರ್ಷ ಮೊದಲು ಬಂದ ‘ದಿ ಕ್ಯಾಟ್ ಇನ್ ದಿ ಹ್ಯಾಟ್’ ಕೂಡ ಎಣಿಸಿ ಆಯ್ದ ಪದಗಳದ್ದೇ. ಎರಡೂ ಸೊಗಸಾದ ಪುಸ್ತಕಗಳು. ಆದರೆ ಇವನ್ನು ಮಾದರಿಯಾಗಿ ಇಟ್ಟುಕೊಳ್ಳುವವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಅವು ಓದಲು ಕಲಿಯುತ್ತಿರುವ ಮಗುವಿಗಾಗಿ ಬರೆದವು. ಎರಡು ವರ್ಷದ ಮಗು ಓದುವುದಿಲ್ಲ, ಕೇಳುತ್ತದೆ. ಎರಡನೆಯದು, ಇಂಗ್ಲಿಷಿನಲ್ಲಿ ಷಷ್ಠಿಯನ್ನು ಬಿಟ್ಟರೆ ನಾಮಪದದ ಬಾಲಕ್ಕೆ ವಿಭಕ್ತಿ ಅಂಟುವುದಿಲ್ಲ. ಮನೆಯೊಳಗೆ, ಮನೆಯಿಂದ, ಮನೆಗೆ ಎಂಬುದನ್ನೆಲ್ಲ ಅಲ್ಲಿ ಬಿಡಿಬಿಡಿ ಚಿಕ್ಕ ಪದಗಳು ಹೇಳುತ್ತವೆ, ಮೂಲಪದ ಇದ್ದಷ್ಟೇ ಇರುತ್ತದೆ. ಹಾಗಾಗಿ ಅಲ್ಲಿ ಈ ನಿಯಮ ಕಡಿವಾಣ ಹಾಕುವುದು ಪದಸಂಪತ್ತಿಗೆ. ನಮ್ಮಲ್ಲಿ ಅದು ಹಾಕುವ ಕಡಿವಾಣ ವ್ಯಾಕರಣಕ್ಕೆ. ನನ್ನ ವಾದ ಇಷ್ಟೇ: ವ್ಯಾಕರಣಕ್ಕೆ ಬೀಳುವ ಈ ಕಡಿವಾಣವೇ ಕನ್ನಡದ ಮಲಗುವ ಹೊತ್ತಿನ ಕಥೆಗೆ ಬೇಕಾದ ನುಡಿಯನ್ನೂ ಬೇಕಾದ ಕಥಾವಸ್ತುವನ್ನೂ ತಂದುಕೊಡುತ್ತದೆ.

ಅದಕ್ಕೆ ಮೊದಲು ಒಂದು ಹಳೆಯ ಲೆಕ್ಕ ಚುಕ್ತಾ ಆಗಬೇಕು. ಚಿಕ್ಕ ಮಕ್ಕಳಿಗೆ ಸರಳ ಪದ ಎಂದರೆ ಒತ್ತಕ್ಷರವಿಲ್ಲದ ಪದ ಎಂದು ನಂಬಿಸಿದ ಪಂಥವೊಂದು ನಮ್ಮಲ್ಲಿದೆ. ಅಕ್ಷರಮಾಲೆ ಕಲಿಸುವ ಪಾಠಪುಸ್ತಕಗಳಿಂದ ಹುಟ್ಟಿದ ಈ ಪಂಥ ಈಗ ಹಾಲುಹಲ್ಲಿನ ಮಕ್ಕಳ ಕಥೆಪುಸ್ತಕಗಳವರೆಗೂ ಚಾಚಿಕೊಂಡಿದೆ. ಆ ಲೆಕ್ಕದಲ್ಲಿ ‘ಕಮಲ’ ಸುಲಭ, ‘ಬಳಪ’ ಸುಲಭ, ನಾಲ್ಕಕ್ಷರದ ‘ಗರಗಸ’ ಇನ್ನೂ ಸುಲಭ, ಏಕೆಂದರೆ ಅವುಗಳಲ್ಲಿ ಗುಣಿತವೂ ಇಲ್ಲ ಒತ್ತೂ ಇಲ್ಲ. ‘ಅಮ್ಮ’ ಕಷ್ಟ! ಸ್ಲೇಟು ಹಿಡಿದ ಮಗುವಿನ ಕೈಗೆ, ಕಣ್ಣಿಗೆ ಈ ಅಳತೆ ಸರಿಯೇ. ಚಾಪೆಯ ಮೇಲೆ ಕಣ್ಣುಜ್ಜುತ್ತ ಬಿದ್ದಿರುವ ಮಗುವಿನ ಕಿವಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಕನ್ನಡದ ಕೂಸಿನ ಸುತ್ತ ಇರುವವರ ಹೆಸರುಗಳನ್ನೇ ನೋಡಿ: ಅಮ್ಮ, ಅಪ್ಪ, ಅಜ್ಜ, ಅಜ್ಜಿ, ಅಕ್ಕ, ಅಣ್ಣ, ಅತ್ತೆ. ಒಂದೊಂದರಲ್ಲೂ ಎರಡೇ ಅಕ್ಷರ, ಒಂದೊಂದರಲ್ಲೂ ಒತ್ತು. ಕೂಸಿನೊಡನೆ ಆಡುವ ಮುದ್ದುಮಾತುಗಳೂ ಇದೇ ಅಚ್ಚಿನವು: ತಾಚಿ, ಮಮ್ಮು, ಬುವ್ವ, ಚಾಮಿ, ಟಾಟಾ, ಗುಮ್ಮ. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1964ರಲ್ಲಿ ಆರು ಭಾಷೆಗಳ ಮುದ್ದುಮಾತುಗಳನ್ನು ಹೋಲಿಸಿ ನೋಡಿದರು. ನೆರೆಯ ಮರಾಠಿ ಅವುಗಳಲ್ಲೊಂದು. ಒಂದಕ್ಕೊಂದು ಸಂಬಂಧವಿಲ್ಲದ ಭಾಷೆಗಳಲ್ಲೂ ಈ ಮಾತುಗಳು ಚಿಕ್ಕವಾಗಿ, ಒಂದೇ ಅಕ್ಷರವನ್ನು ಮರಳಿ ಮರಳಿ ನುಡಿಸುವಂತೆ ಇದ್ದವು. ಕೇಳುವ ಮಗುವಿಗೆ ಸರಳತೆ ಇರುವುದು ಪದದ ಉದ್ದದಲ್ಲಿ. ಒತ್ತಕ್ಷರ ತೆಗೆದು ‘ಸರಳ’ಗೊಳಿಸಿದ ಕಥೆಯಲ್ಲಿ ಅಮ್ಮ ಇರುವುದಿಲ್ಲ, ಅಜ್ಜಿ ಇರುವುದಿಲ್ಲ, ನಿದ್ದೆಯೂ ಇರುವುದಿಲ್ಲ. ಅಂಥ ಕಥೆಯನ್ನು ಮಲಗುವ ಹೊತ್ತಿಗೆ ಯಾರಿಗೆ ಹೇಳುವುದು?

ಇನ್ನು ತೊಡಕಿನ ವಿಷಯ. ‘ಮರ’ ಎರಡಕ್ಷರ, ‘ಮರದ’ ಎಂದೊಡನೆ ಮೂರಾಯಿತು. ‘ಬೆಕ್ಕು’ ಎರಡು, ‘ಬೆಕ್ಕಿನ’ ಮೂರು. ಹೀಗಾಗಿ ಈ ನಿಯಮದ ಕಥೆಯಲ್ಲಿ ಮರದ ಮೇಲೆ ಏನೂ ಕೂರುವಂತಿಲ್ಲ, ಬೆಕ್ಕಿಗೆ ಸ್ವಂತದ್ದೆಂದು ಒಂದು ಬಾಲವೂ ಇರುವಂತಿಲ್ಲ. ಆದರೆ ಕನ್ನಡ ಒಂದು ಕಂಡಿಯನ್ನು ತೆರೆದಿಟ್ಟಿದೆ. ಎಕಾರ, ಇಕಾರಗಳಿಂದ ಮುಗಿಯುವ ಪದಗಳಿಗೆ ಆಡುಮಾತಿನಲ್ಲಿ ಷಷ್ಠಿಯ ಪ್ರತ್ಯಯ ಬೇಕಿಲ್ಲ. ‘ಮನೆಯ ಮುಂದೆ’ ಎಂದು ಬರೆಯುತ್ತೇವೆ, ‘ಮನೆ ಮುಂದೆ’ ಎಂದು ಆಡುತ್ತೇವೆ. ಗೋಡೆ ಮೇಲೆ, ಬುಟ್ಟಿ ಒಳ್ಗೆ, ಅಜ್ಜಿ ಜೊತೆ, ನಾಯಿ ಬಾಲ, ಹುಲಿ ಮರಿ, ಎಲ್ಲವೂ ಸಲೀಸು. ಅಕಾರ, ಉಕಾರಗಳಲ್ಲಿ ಮುಗಿಯುವವಕ್ಕೆ ಈ ಸವಲತ್ತು ಇಲ್ಲ. ಆದ್ದರಿಂದ ಎರಡಕ್ಷರದ ಕಥೆ ಬರೆಯಲು ಕೂತವರು ಮೊದಲು ಮಾಡಬೇಕಾದ ತೀರ್ಮಾನ ಕಥೆ ಏನೆಂಬುದಲ್ಲ, ಪಾತ್ರಗಳ ಹೆಸರು ಯಾವ ಸ್ವರದಲ್ಲಿ ಮುಗಿಯಬೇಕೆಂಬುದು. ನಾಯಿ, ಇಲಿ, ಗಿಣಿ, ಕೋಳಿ, ಆನೆ, ಹುಲಿ ಎಂಬವಕ್ಕೆ ಮೈಯೂ ಉಂಟು, ಮನೆಯೂ ಉಂಟು. ಬೆಕ್ಕು, ಹಸು, ಗುಬ್ಬಚ್ಚಿ ಎಂದು ಶುರುಮಾಡಿದರೆ ಮೂರನೆಯ ಸಾಲಿಗೇ ಕಥೆ ಕುಂಟುತ್ತದೆ. ಗುಬ್ಬಚ್ಚಿಯಂತೂ ಹೊಸ್ತಿಲನ್ನೇ ದಾಟುವುದಿಲ್ಲ, ‘ಗುಬ್ಬಿ’ಯಾಗಿ ಬಂದರೆ ಮಾತ್ರ ಪ್ರವೇಶ. ಹುಡುಗಿ ಪುಟ್ಟಿಯಾದರೆ ಸರಿ. ಹುಡುಗ ಕಿಟ್ಟು ಆದರೆ ‘ಕಿಟ್ಟುವಿನ’ ಎಂದು ನಾಲ್ಕಕ್ಷರವಾಗುತ್ತದೆ, ಅವನು ಕಿಟ್ಟಿಯಾಗಬೇಕು.

ಮಾತು ಗಾಳಿಯಲ್ಲಿ ಬೇಡ. ಈ ಅಂಕಣಕ್ಕಾಗಿಯೇ ಕಟ್ಟಿದ ಕಥೆಯೊಂದು ಇಲ್ಲಿದೆ. ಬೆರಳು ಮಡಚಿ ಅಕ್ಷರ ಎಣಿಸಿಕೊಳ್ಳಿ.

ರಾತ್ರಿ ಆಯ್ತು. ಪುಟ್ಟಿ ಉಂಡ್ಲು.
ಅಜ್ಜಿ ಚಾಪೆ ತಂದ್ಲು, ದಿಂಬು ತಂದ್ಲು, ಕೌದಿ ತಂದ್ಲು.
“ಮಲ್ಕೋ ಪುಟ್ಟಿ” ಅಂದ್ಲು.
ನಿದ್ದೆ ಇಲ್ಲ. ಎಲ್ಲಿ ಹೋಯ್ತು ನಿದ್ದೆ?
“ನಿದ್ದೆ ನಿದ್ದೆ, ಬಾ ಬಾ.”
ನಾಯಿ ಬಂತು, ಮೆಲ್ಲ ಮೆಲ್ಲ.
“ನಿದ್ದೆ ನೀನಾ?”
“ಅಲ್ಲ ಅಲ್ಲ, ನಾನು ನಾಯಿ. ನಂಗೂ ನಿದ್ದೆ ಬೇಕು.”
“ಬಾ, ಚಾಪೆ ಮೇಲೆ ಜಾಗ ಇದೆ.”
ಇಲಿ ಬಂತು, ಸಣ್ಣ ಸಣ್ಣ ಹೆಜ್ಜೆ.
“ನಿದ್ದೆ ನೀನಾ?”
“ಅಲ್ಲ ಅಲ್ಲ, ನಾನು ಇಲಿ. ನಂಗೂ ನಿದ್ದೆ ಬೇಕು.”
“ಬಾ, ಕೌದಿ ಒಳ್ಗೆ ಜಾಗ ಇದೆ.”
ಗಾಳಿ ಬಂತು, ತಂಪು ತಂಪು. ದೀಪ ಸಣ್ಣ ಆಯ್ತು.
“ನಿದ್ದೆ ನೀನಾ?”
ಗಾಳಿ “ಉಶ್” ಅಂತು.
ನಾಯಿ ಕಣ್ಣು ಮುಚ್ತು. ಇಲಿ ಕಣ್ಣು ಮುಚ್ತು. ಪುಟ್ಟಿ ಕಣ್ಣು ಮುಚ್ತು.
ನಿದ್ದೆ ಬಂತು.

ಇದರಲ್ಲಿ ಏನೇನು ಬಿಟ್ಟುಹೋಯಿತು ಎಂದು ನೋಡಿದರೆ ನಿಯಮದ ನಿಜವಾದ ಕೆಲಸ ತಿಳಿಯುತ್ತದೆ. ಹಾಸಿಗೆ ಮೂರಕ್ಷರ, ಚಾಪೆ ಬಂತು. ತೊಟ್ಟಿಲು ಮೂರು, ಅದಕ್ಕೆ ಬದಲಿ ಸಿಗಲಿಲ್ಲ. ಹೊದಿಕೆಯೂ ಕಂಬಳಿಯೂ ಮೂರು ಮೂರು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಪಂಚೆಗಳ ತುಂಡು ಜೋಡಿಸಿ ಹೊಲಿಯುವ ಕೌದಿ ಕೈಗೆ ಬಂತು, ಹೊದಿಕೆಗಿಂತ ಬೆಚ್ಚಗೂ ಇದೆ. ಬಾಗಿಲು ಹೋಯಿತು, ಕಿಟಕಿ ಹೋಯಿತು, ಆಕಾಶವೂ ಹೋಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ‘ಮಲಗು’ ಎಂಬ ಕ್ರಿಯಾಪದ ಹೋದದ್ದು. ಮಲಗುವ ಹೊತ್ತಿನ ಕಥೆಯಲ್ಲಿ ಮಲಗು ಎನ್ನುವಂತಿಲ್ಲ ಎಂದಾಗ ಬರೆಯುವವರು ಸಾಮಾನ್ಯವಾಗಿ ಕೈಚೆಲ್ಲುತ್ತಾರೆ, ಇಲ್ಲವೇ ಈ ಒಂದು ಪದಕ್ಕೆ ಮಾಫಿ ಇರಲಿ ಎನ್ನುತ್ತಾರೆ. ಮಾಫಿ ಬೇಕಿಲ್ಲ. ಯಾವ ಮನೆಯಲ್ಲಿ ಮಗುವಿಗೆ ‘ಮಲಗಿಕೊ’ ಎಂದು ನಾಲ್ಕಕ್ಷರ ಬಿಡಿಸಿ ಹೇಳುತ್ತಾರೆ? ಹೇಳುವುದು ‘ಮಲ್ಕೋ’ ಎಂದು, ಎರಡೇ ಅಕ್ಷರದಲ್ಲಿ. ನಿಯಮ ಹೊರಗಟ್ಟಿದ್ದು ಪುಸ್ತಕದ ರೂಪವನ್ನು, ಒಳಗೆ ಕರೆದದ್ದು ಬಾಯಿಯ ರೂಪವನ್ನು.

ಕ್ರಿಯಾಪದಗಳಲ್ಲೆಲ್ಲ ಇದೇ ನಡೆಯುತ್ತದೆ. ಬರವಣಿಗೆಯ ಕನ್ನಡದಲ್ಲಿ ‘ಬಂದ’ ಎರಡಕ್ಷರ, ‘ಬಂದಳು’ ಮೂರು. ಹೋದ, ನಿಂತ, ಕೂತ, ಎದ್ದ, ನಕ್ಕ, ಉಂಡ ಎಂದು ಹುಡುಗನ ಕಥೆ ಸರಾಗವಾಗಿ ಓಡುತ್ತದೆ. ಹುಡುಗಿ ಮಾತ್ರ ಪ್ರತಿ ಹೆಜ್ಜೆಗೂ ಮೂರಕ್ಷರಕ್ಕೆ ಎಡವುತ್ತಾಳೆ. ಗ್ರಂಥಭಾಷೆಗೆ ಅಂಟಿಕೊಂಡು ಈ ನಿಯಮ ಪಾಲಿಸಿದರೆ ಕನ್ನಡದಲ್ಲಿ ಬರುವ ಎರಡಕ್ಷರದ ಕಥೆಗಳೆಲ್ಲ ಗಂಡುಮಕ್ಕಳ ಕಥೆಗಳೇ ಆಗುತ್ತವೆ, ಅದೂ ಬರೆದವರ ಅರಿವಿಗೇ ಬಾರದೆ. ‘ಬಂದ್ಲು, ತಂದ್ಲು, ಉಂಡ್ಲು’ ಎಂದು ಆಡುಮಾತಿಗೆ ಬಂದೊಡನೆ ಪುಟ್ಟಿಗೂ ಅಂಗಳ ಸಿಗುತ್ತದೆ. ಕೊನೆಯ ಸಾಲುಗಳಲ್ಲಂತೂ ಆ ಪ್ರತ್ಯಯದ ಹಂಗೂ ಇಲ್ಲ. ‘ಪುಟ್ಟಿ ಕಣ್ಣು ಮುಚ್ತು’ ಎಂಬಲ್ಲಿ ಮುಚ್ಚಿದ್ದು ಕಣ್ಣು. ನಾಯಿಯ ಕಣ್ಣಿಗೂ ಇಲಿಯ ಕಣ್ಣಿಗೂ ಹುಡುಗಿಯ ಕಣ್ಣಿಗೂ ಒಂದೇ ಕ್ರಿಯಾಪದ ಸಾಕು, ಮೂರು ಸಾಲು ಒಂದೇ ಇಳಿಜಾರಿನಲ್ಲಿ ಜಾರುತ್ತವೆ. ನಿಷೇಧಕ್ಕೆ ಬಂದರೆ ‘ಬರಲಿಲ್ಲ’ ನಾಲ್ಕಕ್ಷರ, ಹಾಗಾಗಿ ಆಗದೆ ಹೋದ ಘಟನೆಗಳನ್ನು ಹೇಳಲು ದಾರಿಯೇ ಇಲ್ಲ; ಉಳಿಯುವುದು ಇಲ್ಲ, ಅಲ್ಲ, ಬೇಡ ಎಂಬ ಮೂರು ಚಿಕ್ಕ ಮಾತುಗಳು. ಎರಡು ವರ್ಷದ ಮಗುವಿನ ಬಾಯಲ್ಲಿ ದಿನವಿಡೀ ಇರುವ ನಿಷೇಧಗಳೂ ಇವೇ. ಕಥೆ ‘ನಿದ್ದೆ ಇಲ್ಲ’ದಿಂದ ಹೊರಟು ‘ನಿದ್ದೆ ಬಂತು’ ಎಂಬಲ್ಲಿಗೆ ತಲುಪುತ್ತದೆ.

ಓದುವವರ ನಾಲಗೆಯ ಮೇಲೆ ಇದು ಹೇಗೆ ನಡೆಯುತ್ತದೆ ಎಂಬುದೂ ಮುಖ್ಯ, ಏಕೆಂದರೆ ಮಗು ನಿದ್ದೆ ಹೋಗುವುದು ಅರ್ಥಕ್ಕಲ್ಲ, ಲಯಕ್ಕೆ. ಮಾತ್ರೆ ಹಾಕಿ ನೋಡಿ. ರಾತ್ರಿ, ಆಯ್ತು, ಪುಟ್ಟಿ, ಉಂಡ್ಲು, ಅಜ್ಜಿ, ಚಾಪೆ, ತಂದ್ಲು: ಎಲ್ಲವೂ ಗುರು ಲಘು, ತಲಾ ಮೂರು ಮಾತ್ರೆ. ಕನ್ನಡದ ಎರಡಕ್ಷರದ ಪದಗಳಲ್ಲಿ ಬಹುಪಾಲು ಈ ಜಾತಿಯವು, ಅಥವಾ ಮನೆ, ಇಲಿ ಎಂಬಂತೆ ಎರಡು ಲಘುಗಳವು. ಮೂರು ಮಾತ್ರೆಯ ಗಣ ನಮಗೆ ಹೊಸದಲ್ಲ, ಭೋಗಷಟ್ಪದಿ ನಡೆಯುವುದೇ ಅದರ ಮೇಲೆ. ಕಥೆ ಬರೆಯುವವರು ಛಂದಸ್ಸು ಕಲಿಯದಿದ್ದರೂ ಎರಡಕ್ಷರಕ್ಕೆ ಕಟ್ಟುಬಿದ್ದ ಗದ್ಯ ತಾನಾಗಿ ಆ ನಡೆಗೆ ಬೀಳುತ್ತದೆ. ಪ್ರತಿ ಪದ ಗುರುವಿನಲ್ಲಿ ಎದ್ದು ಲಘುವಿನಲ್ಲಿ ಇಳಿಯುವುದರಿಂದ ದನಿ ಮತ್ತೆ ಮತ್ತೆ ತಗ್ಗುತ್ತದೆ. ಕರೆಯುವ, ಕೇಳುವ ಮಾತುಗಳು ಮಾತ್ರ ದೀರ್ಘದಲ್ಲಿ ನಿಲ್ಲುತ್ತವೆ: ಮಲ್ಕೋ, ಬಾ, ನೀನಾ, ನಂಗೂ. ದನಿ ಎಳೆಯಬೇಕಾದ ಜಾಗವೂ ಅದೇ. ಇಲಿ ಬಂದಾಗ ಎರಡು ಲಘುಗಳಿಂದ ನಡೆ ತುಸು ಚುರುಕಾಗುತ್ತದೆ, ಇಲಿಗೆ ಅದು ಒಪ್ಪುತ್ತದೆ. ಆದರೆ ಕೊನೆಯ ಸಾಲುಗಳಲ್ಲಿ ಮನೆ, ಮರಿ, ಗಿಣಿಗಳಂಥ ಎರಡು ಲಘುವಿನ ಪದಗಳನ್ನು ಹೆಚ್ಚು ತುಂಬಿದರೆ ಕಥೆ ಓಡತೊಡಗುತ್ತದೆ, ಮಗು ಎದ್ದು ಕೂರುತ್ತದೆ. ಬರೆದ ಕಥೆ ಸರಿಯಾಗಿದೆಯೇ ಎಂದು ತಿಳಿಯಲು ಕೊನೆಯ ಐದಾರು ಸಾಲುಗಳನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ ನೋಡಬೇಕು. ನಾಲಗೆ ಎಲ್ಲಿ ಅವಸರಪಡುತ್ತದೆಯೋ ಅಲ್ಲಿ ಎರಡು ಮಾತ್ರೆಯ ಪದ ಕೂತಿದೆ ಎಂದು ಅರ್ಥ.

ಇನ್ನು ಕಥಾವಸ್ತು. ದ್ವಿತೀಯಾ ವಿಭಕ್ತಿಯನ್ನು ಕನ್ನಡ ಜಡವಸ್ತುಗಳ ವಿಷಯದಲ್ಲಿ ಬಿಟ್ಟುಬಿಡುತ್ತದೆ. ‘ಚಾಪೆ ತಂದ್ಲು’ ಸಾಕು, ‘ಚಾಪೆಯನ್ನು’ ಬೇಕಿಲ್ಲ. ಪಾತ್ರವಾಗಿ ನಿಂತ ಜೀವಿಗೆ ಅದು ಬೇಕೇ ಬೇಕು. ನಾಯಿ ಇಲಿಯನ್ನು ಅಟ್ಟಿತು, ಅಜ್ಜಿ ಪುಟ್ಟಿಯನ್ನು ಗದರಿದಳು, ಹುಲಿ ಕುರಿಯನ್ನು ಹಿಡಿಯಿತು: ಪ್ರತಿಯೊಂದರಲ್ಲೂ ಎರಡಕ್ಷರ ಮೀರುತ್ತದೆ. ‘ಬೆಕ್ಕು ಇಲಿ ತಿಂತು’ ಎನ್ನುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಎನ್ನುತ್ತೇವೆ, ಆದರೆ ಅದು ಯಾವುದೋ ಒಂದು ಇಲಿ. ಹೆಜ್ಜೆ ಇಟ್ಟು ಬಂದು, ನಂಗೂ ನಿದ್ದೆ ಬೇಕು ಎಂದು ಮಾತಾಡಿದ ಇಲಿಯನ್ನು ವಿಭಕ್ತಿ ಇಲ್ಲದೆ ತಿನ್ನಲಾಗದು. ಪರಿಣಾಮವಾಗಿ ಈ ನಿಯಮದ ಕಥೆಯಲ್ಲಿ ಯಾರೂ ಯಾರಿಗೂ ಏನೂ ಮಾಡುವಂತಿಲ್ಲ. ಬರಬಹುದು, ಹೋಗಬಹುದು, ಕೂರಬಹುದು, ನಗಬಹುದು, ಒಬ್ಬರ ಜೊತೆ ಒಬ್ಬರು ಇರಬಹುದು. ಬೆನ್ನಟ್ಟುವುದು, ಹೊಡೆಯುವುದು, ಕದಿಯುವುದು, ನುಂಗುವುದು ಬಹುತೇಕ ಅಸಾಧ್ಯ. ಹಗಲಿನ ಕಥೆಗೆ ಇದು ಕೊರತೆ. ನಮ್ಮ ಒಳ್ಳೆಯ ಜನಪದ ಕಥೆಗಳಲ್ಲಿ ಹಲವು ಅಟ್ಟುವ, ನುಂಗುವ ಕಥೆಗಳೇ, ಅವನ್ನು ಮಕ್ಕಳು ಕೇಳಲೇಬೇಕು. ದೀಪ ಸಣ್ಣದು ಮಾಡುವ ಹೊತ್ತಿಗೆ ಮಾತ್ರ ಹುಲಿ ಬೆನ್ನಟ್ಟಿದರೆ ಅಮ್ಮನ ಒಂದು ಗಂಟೆಯ ದುಡಿಮೆ ನೀರುಪಾಲು. ನಾಯಿ ಬಂದು ಚಾಪೆಯ ಮೇಲೆ ಜಾಗ ಹಿಡಿಯುವುದೂ, ಅದರ ಪಕ್ಕದಲ್ಲೇ ಇಲಿ ಕೌದಿಯೊಳಗೆ ನುಸುಳುವುದೂ ಸ್ನೇಹದ ಪಾಠಕ್ಕಾಗಿ ಇಟ್ಟದ್ದಲ್ಲ, ಒಂದು ಇನ್ನೊಂದನ್ನು ಓಡಿಸಲು ಇಲ್ಲಿ ವಿಭಕ್ತಿ ಸಿಗುವುದಿಲ್ಲ, ಅಷ್ಟೇ.

ಈ ಕಟ್ಟುಪಾಡಿಗೆ ಬರುವ ಮೊದಲ ಆಕ್ಷೇಪ, ಇದು ಮಗುವಿನ ಭಾಷೆಯನ್ನು ಬಡವಾಗಿಸುತ್ತದೆ ಎಂಬುದು. ಮಕ್ಕಳಿಗೆ ಉದ್ದ ಪದ ಇಷ್ಟ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಯಿಂದ ‘ತುತ್ತೂರಿ’ ಎಂಬ ಮೂರಕ್ಷರವನ್ನು ಕಿತ್ತುಕೊಂಡರೆ ಅಲ್ಲಿ ಉಳಿಯುವುದೇನು? ಪ್ರತ್ಯಯದ ಮೇಲೆ ಪ್ರತ್ಯಯ ಪೋಣಿಸುವುದು ಕನ್ನಡದ ಜಾಯಮಾನ, ಅದನ್ನೇ ಕತ್ತರಿಸಿದರೆ ಉಳಿಯುವುದು ಕನ್ನಡವೇ? ಆಕ್ಷೇಪದ ಮೊದಲರ್ಧ ಪೂರ್ತಿ ನಿಜ, ಹಾಗಾಗಿ ಈ ನಿಯಮವನ್ನು ಇಡೀ ದಿನಕ್ಕೆ ಹಬ್ಬಿಸಬಾರದು. ತುತ್ತೂರಿ ಹಗಲಿಗೆ ಇರಲಿ; ಊದುವ ವಾದ್ಯವನ್ನು ನಿದ್ದೆಯ ಹೊತ್ತಿಗೆ ಯಾರೂ ತೆಗೆಯುವುದಿಲ್ಲ. ಎರಡನೆಯ ಅರ್ಧಕ್ಕೆ ಮೇಲಿನ ಕಥೆಯೇ ಉತ್ತರ. ಅದರ ಒಂದು ಸಾಲನ್ನೂ ಬೇರೆ ಭಾಷೆಯ ಅನುವಾದ ಎಂದು ಯಾರೂ ಅನುಮಾನಿಸಲಾರರು. ಅಸಲಿಗೆ ಬಡವಾಗಿ ಕೇಳಿಸುವುದು ಇಂಗ್ಲಿಷಿನಿಂದ ತರ್ಜುಮೆಯಾಗಿ ಬರುವ ದಪ್ಪ ರಟ್ಟಿನ ಪುಸ್ತಕಗಳ ‘ಕರಡಿಯು ನಿದ್ರಿಸುತ್ತಿದೆ’ ಎಂಬಂಥ ಸಾಲು. ಅದರಲ್ಲಿ ಪ್ರತ್ಯಯಗಳೆಲ್ಲ ಇವೆ, ಆದರೆ ಅದನ್ನು ಹಾಗೆ ಆಡುವ ಬಾಯಿ ಒಂದೂ ಇಲ್ಲ. ಓದುವ ಅಪ್ಪ ಅಮ್ಮಂದಿರು ಅದನ್ನು ಮನಸ್ಸಿನಲ್ಲೇ ತಿರುಚಿ ‘ಕರಡಿ ಮಲ್ಗಿದೆ’ ಎಂದು ಹೇಳುತ್ತಾರೆ. ಬರೆದವರು ಮಾಡಬೇಕಾದ ಕೆಲಸವನ್ನು ನಿದ್ದೆಗಣ್ಣಿನ ಓದುಗರು ಮಾಡುತ್ತಿದ್ದಾರೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆಡುಮಾತಿಗೆ ಹೋದರೆ ಯಾರ ಆಡುಮಾತು? ಈ ಕಥೆಯ ‘ಮಲ್ಕೋ’, ‘ನಂಗೂ’ ಮೈಸೂರು ಬೆಂಗಳೂರು ಕಡೆಯವು. ಕುಂದಾಪುರದ ಅಜ್ಜಿಯೂ ಬೀದರಿನ ಅಜ್ಜಿಯೂ ಹೀಗೆ ಆಡುವುದಿಲ್ಲ. ಗ್ರಂಥಭಾಷೆ ಯಾರದ್ದೂ ಅಲ್ಲದಿರುವುದರಿಂದಲೇ ಎಲ್ಲರದ್ದೂ ಆಗಿದೆ ಎಂಬ ವಾದಕ್ಕೆ ಇಲ್ಲಿ ಬಲವಿದೆ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಕಥೆಯ ಎಷ್ಟು ಭಾಗ ನಿಜವಾಗಿ ಸೀಮೆಗೆ ಕಟ್ಟುಬಿದ್ದಿದೆ ನೋಡಿ. ನಿದ್ದೆ ಇಲ್ಲ, ನಾಯಿ ಬಂತು, ನಾನು ಇಲಿ, ನಿದ್ದೆ ಬೇಕು ಎಂಬ ಸಾಲುಗಳಿಗೆ ಸೀಮೆಯ ಗುರುತು ತೀರಾ ಕಡಿಮೆ. ಬದಲಾಗುವುದು ‘ತಂದ್ಲು’, ‘ಮಲ್ಕೋ’ಗಳಂಥ ಬೆರಳೆಣಿಕೆಯ ಪದಗಳು. ಅಲ್ಲಿ ಓದುವವರು ತಮ್ಮ ಊರಿನ ರೂಪ ಹಾಕಿಕೊಳ್ಳಲಿ. ಅದು ಒಮ್ಮೊಮ್ಮೆ ಮೂರಕ್ಷರವಾದರೂ ಆಗಲಿ. ನಿಯಮ ಬರೆಯುವವರ ಕೈಗೆ ಹಾಕಿದ ಕಟ್ಟು, ಓದುವವರ ಬಾಯಿಗಲ್ಲ. ಅಚ್ಚು ಹಾಕುವವರು ಇಂಥ ಪದಗಳನ್ನು ಬೇರೆ ಬಣ್ಣದಲ್ಲಿ ಮುದ್ರಿಸಿದರೆ ಓದುಗರಿಗೆ ಬದಲಾಯಿಸಿಕೊಳ್ಳುವ ಧೈರ್ಯ ಬರುತ್ತದೆ.

ಈ ನಿಯಮದಲ್ಲಿ ನಿಜವಾಗಿ ದಾರಿ ಮುಚ್ಚಿರುವ ಜಾಗಗಳೂ ಇವೆ. ‘ಗಳು’ ಹಚ್ಚಿದೊಡನೆ ಅಕ್ಷರ ಮೀರುವುದರಿಂದ ಬಹುವಚನ ಇಲ್ಲ. ಆದರೆ ಸಂಖ್ಯೆ ಮುಂದಿದ್ದರೆ ಕನ್ನಡಕ್ಕೆ ಬಹುವಚನ ಬೇಕಿಲ್ಲ. ‘ನೂರು ಚುಕ್ಕಿ’ ಎಂದರೆ ಬಾನು ತುಂಬುತ್ತದೆ. ಆ ಧೈರ್ಯದಲ್ಲಿ ಎಣಿಕೆಯ ಕಥೆ ಬರೆಯಲು ಹೊರಟವರಿಗೆ ಎರಡನೆಯ ಹೆಜ್ಜೆಯಲ್ಲೇ ಕಲ್ಲು ತಾಗುತ್ತದೆ, ಏಕೆಂದರೆ ‘ಎರಡು’ ಮೂರಕ್ಷರ. ‘ಎರ್ಡು’ ಎಂದು ಹೊಸೆದುಕೊಳ್ಳಬಹುದು, ‘ಜೋಡಿ’ ಎಂದು ದಾಟಬಹುದು. ಮೂರು, ನಾಲ್ಕು, ಐದು, ಆರು, ಏಳು, ಎಂಟು ಸುಗಮ. ಒಂಬತ್ತು ಎಂಬಲ್ಲಿ ನಡುವಿನ ಸ್ವರವನ್ನು ನುಂಗಿದರೆ ಪದ ಮುರಿದಂತೆ ಕೇಳುತ್ತದೆ, ಆಡುಮಾತಿನಲ್ಲಿ ಸಮಾನಾರ್ಥಕವೂ ಇಲ್ಲ. ಎಣಿಕೆಯ ಕಥೆ ಬರೆಯುವವರು ಎಂಟು ಕುರಿಗೇ ನಿಲ್ಲಿಸುವುದು ಒಳ್ಳೆಯದು.